ನಿಮಿಷ ಬಿಡಿ, ವಾಯಿದೆ ನೋಡಿ: ಬಸ್ ಆ್ಯಪ್ ಸುಳ್ಳು ಹೇಳುವುದನ್ನು ನಿಲ್ದಾಣದಲ್ಲೇ ಪತ್ತೆ ಮಾಡುವ ಬಗೆ

ದೂರು ಯಾವಾಗಲೂ ಒಂದೇ. "ಹತ್ತು ನಿಮಿಷ ಅಂತ ತೋರಿಸ್ತಿತ್ತು, ಅರ್ಧ ಗಂಟೆ ಆದ್ರೂ ಬಸ್ ಬರ್ಲಿಲ್ಲ." ಕಾರಣ ಮಾತ್ರ ಒಂದೇ ಅಲ್ಲ. ಪರದೆಯ ಮೇಲೆ 10 ಎಂಬ ಅಂಕಿ ನಾಲ್ಕು ಬೇರೆ ಬೇರೆ ಕಡೆಯಿಂದ ಬಂದಿರಬಹುದು, ನೋಡಲು ಮಾತ್ರ ನಾಲ್ಕೂ ಒಂದೇ ಥರ. ರಸ್ತೆಯಲ್ಲಿ ನಿಜವಾಗಿ ಓಡುತ್ತಿರುವ ಬಸ್ಸಿನದಾಗಿರಬಹುದು. ಟರ್ಮಿನಲ್‌ನಲ್ಲಿ ಇನ್ನೂ ಹೊರಡದೆ ನಿಂತಿರುವ ಬಸ್ಸಿನದಾಗಿರಬಹುದು. ಬಸ್ಸನ್ನು ಯಾರೂ ನೋಡದೆಯೇ ವೇಳಾಪಟ್ಟಿಯಿಂದ ಎತ್ತಿಟ್ಟದ್ದಾಗಿರಬಹುದು. ವೇಳಾಪಟ್ಟಿಗೆ ರಸ್ತೆಯ ದಟ್ಟಣೆ ಸೇರಿಸಿ ಕೂಡಿದ್ದೂ ಆಗಿರಬಹುದು. ನಿಮ್ಮ ಮುಂದಿರುವುದು ಈ ನಾಲ್ಕರಲ್ಲಿ ಯಾವುದು ಎಂದು ಗೊತ್ತಾದರೆ ಕಾಯಬೇಕೋ, ಆಟೊ ಹಿಡಿಯಬೇಕೋ ಎಂಬುದು ತಾನಾಗಿಯೇ ತೀರ್ಮಾನವಾಗುತ್ತದೆ. ಇದಕ್ಕೆ ಬೇಕಾದದ್ದು ಒಂದು ಗಡಿಯಾರ ಮತ್ತು ಐದು ನಿಮಿಷ.

ಮೊದಲ ಪರೀಕ್ಷೆ: ಕೂಡಿಸಿ ನೋಡಿ

ಆ್ಯಪ್ ತೋರಿಸುವುದು "ಇನ್ನು ಇಷ್ಟು ನಿಮಿಷ" ಎಂದು. ಆ ಅಂಕಿಯನ್ನೇ ನೆನಪಿಟ್ಟುಕೊಂಡರೆ ಏನೂ ಪ್ರಯೋಜನವಿಲ್ಲ. ಅದಕ್ಕೆ ಈಗಿನ ಸಮಯ ಕೂಡಿಸಿ. 8:12ಕ್ಕೆ 11 ನಿಮಿಷ ಎಂದು ತೋರಿಸಿದರೆ ಬಸ್ಸು 8:23ಕ್ಕೆ ಬರುತ್ತೇನೆಂದು ಹೇಳಿದ ಹಾಗಾಯಿತು. ಸಾಲದವನು ಕೊಡುವ ಮಾತಿನಂತೆ ಇದನ್ನು ವಾಯಿದೆ ಎಂದು ಕರೆಯೋಣ. ಎರಡು ಮೂರು ನಿಮಿಷ ಬಿಟ್ಟು ಮತ್ತೆ ನೋಡಿ, ಮತ್ತೆ ಕೂಡಿಸಿ. ವಾಯಿದೆ ಎಷ್ಟು ಮುಂದೆ ಹೋಯಿತು, ಹೇಗೆ ಹೋಯಿತು ಎಂಬುದರಲ್ಲೇ ಉತ್ತರವಿದೆ.

ನನ್ನದೇ ಒಂದು ಬೆಳಗನ್ನು ತೆಗೆದುಕೊಳ್ಳಿ. ಮಾರ್ಗ, ಸಂಸ್ಥೆಯ ಹೆಸರು ಬೇಡ, ಈ ಕಥೆ ಯಾವ ಊರಿನಲ್ಲೂ ನಡೆಯುತ್ತದೆ. ನಾನು ಹತ್ತುವ ನಿಲ್ದಾಣ ಟರ್ಮಿನಲ್‌ನಿಂದ ಆರನೆಯದು. ಬೆಳಗಿನ ಹೊತ್ತು ಬಸ್ಸು ಅಲ್ಲಿಂದ ಹೊರಟರೆ ನನ್ನ ತನಕ ಸುಮಾರು 11 ನಿಮಿಷ. ಅವತ್ತು ಬರೆದಿಟ್ಟುಕೊಂಡದ್ದು ಹೀಗಿದೆ:

8:12ಕ್ಕೆ 11 ನಿಮಿಷ, ವಾಯಿದೆ 8:23
8:15ಕ್ಕೆ 11 ನಿಮಿಷ, ವಾಯಿದೆ 8:26
8:19ಕ್ಕೆ 11 ನಿಮಿಷ, ವಾಯಿದೆ 8:30
8:23ಕ್ಕೆ 10 ನಿಮಿಷ, ವಾಯಿದೆ 8:33
8:25ಕ್ಕೆ 8 ನಿಮಿಷ, ವಾಯಿದೆ 8:33
8:28ಕ್ಕೆ 7 ನಿಮಿಷ, ವಾಯಿದೆ 8:35
8:31ಕ್ಕೆ 4 ನಿಮಿಷ, ವಾಯಿದೆ 8:35

ಬಸ್ಸು ಬಂದದ್ದು 8:36ಕ್ಕೆ.

ಮೊದಲ ಮೂರು ಸಾಲು ನೋಡಿ. ಮೂರು ನಿಮಿಷ ಕಳೆದರೆ ವಾಯಿದೆಯೂ ಮೂರು ನಿಮಿಷ ಮುಂದಕ್ಕೆ, ನಾಲ್ಕು ಕಳೆದರೆ ನಾಲ್ಕು ಮುಂದಕ್ಕೆ. ಕಾಲದ ಜತೆ ಒಂದಕ್ಕೊಂದು ಜಾರುತ್ತಿದೆ ಅಂದರೆ ಬಸ್ಸು ಒಂದಡಿಯೂ ಕದಲಿಲ್ಲ ಎಂದರ್ಥ. ಇನ್ನೊಂದು ಸುಳಿವೂ ಅಲ್ಲಿತ್ತು, ನನಗೆ ಆಗ ಹೊಳೆಯಲಿಲ್ಲ. ಟರ್ಮಿನಲ್‌ನಿಂದ ನನ್ನ ನಿಲ್ದಾಣಕ್ಕೆ ಹಿಡಿಯುವ ಸಮಯವೇ ಆ 11. ಯಂತ್ರ ಹೇಳುತ್ತಿದ್ದುದು "ಈ ಕ್ಷಣ ಹೊರಟರೆ 11 ನಿಮಿಷ" ಎಂದು. ಆ "ಹೊರಟರೆ" ಎಂಬ ಮಾತಿಗೆ ಪರದೆಯ ಮೇಲೆ ಜಾಗವಿಲ್ಲ.

ನಾಲ್ಕನೆಯ ಸಾಲಿನಲ್ಲಿ ಕಥೆ ಬದಲಾಗಿದೆ. 8:22ರ ಸುಮಾರಿಗೆ ಬಸ್ಸು ಹೊರಟಿತು, ಆಮೇಲೆ ವಾಯಿದೆ 8:33ಕ್ಕೆ ನಿಂತಿತು. ಮಧ್ಯೆ ಒಂದು ಸಿಗ್ನಲ್‌ನಲ್ಲಿ ಎರಡು ನಿಮಿಷ, ಕೊನೆಯಲ್ಲಿ ಇನ್ನೊಂದು ನಿಮಿಷ ಹೋಯಿತು. ಇಷ್ಟು ಅಲುಗಾಟ ಓಡುವ ಬಸ್ಸಿಗೆ ಸಹಜ. 8:17ಕ್ಕೆ ನನ್ನ ಕಣ್ಣೆದುರೇ ಇನ್ನೊಂದು ಬಸ್ಸು ಹೋಗಿತ್ತು. ಅದಕ್ಕೆ ಹತ್ತಿದ್ದರೆ ನಡುವೆ ಒಂದು ಕಡೆ ಇಳಿದು ಬದಲಿಸಬೇಕಿತ್ತು, ಆದರೂ ಮೊದಲೇ ತಲುಪುತ್ತಿದ್ದೆ. "ಇನ್ನೇನು ಹನ್ನೊಂದೇ ನಿಮಿಷ" ಎಂದು ಬಿಟ್ಟುಬಿಟ್ಟೆ. 8:15ರ ಎರಡನೇ ಸಾಲನ್ನು ಮೊದಲನೆಯದರ ಪಕ್ಕ ಇಟ್ಟು ನೋಡಿದ್ದರೆ ಬಿಡುತ್ತಿರಲಿಲ್ಲ. ತಪ್ಪು ಯಂತ್ರದ್ದಕ್ಕಿಂತ ಓದಿದವನದೇ ಹೆಚ್ಚು.

ಟರ್ಮಿನಲ್‌ನಲ್ಲಿ ಏನಾಗುತ್ತಿರುತ್ತದೆ

ಅಂದಾಜು ಕೆಡುವುದರಲ್ಲಿ ದೊಡ್ಡ ಪಾಲು ಟರ್ಮಿನಲ್‌ನದು, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ರಸ್ತೆಯಲ್ಲಿರುವ ಬಸ್ಸು ಇನ್ನೆಷ್ಟು ಹೊತ್ತಿಗೆ ಬರುತ್ತದೆ ಎಂಬುದು ದೂರ ಮತ್ತು ವೇಗದ ಲೆಕ್ಕ. ನಿಂತಿರುವ ಬಸ್ಸು ಯಾವಾಗ ಹೊರಡುತ್ತದೆ ಎಂಬುದು ಮನುಷ್ಯರ ಲೆಕ್ಕ. ಹಿಂದಿನ ಟ್ರಿಪ್ ತಡವಾಗಿ ಮುಗಿದಿದ್ದರೆ ಚಾಲಕ, ನಿರ್ವಾಹಕರು ಒಂದು ಟೀ ಕುಡಿಯದೆ, ಶೌಚಾಲಯಕ್ಕೆ ಹೋಗದೆ ಮತ್ತೆ ಹೊರಡಲಾರರು. ಕಂಟ್ರೋಲರ್ ಹತ್ತಿರ ಸಮಯ ಬರೆಸಬೇಕು. ಇದೇ ಮಾರ್ಗದ ಇನ್ನೊಂದು ಬಸ್ಸು ಈಗಷ್ಟೇ ಹೋಗಿದ್ದರೆ "ಐದು ನಿಮಿಷ ಬಿಟ್ಟು ಹೊರಡಪ್ಪ" ಎಂದು ಅವರೇ ತಡೆಯುವುದೂ ಉಂಟು. ಇವೆಲ್ಲ ಜಿಪಿಎಸ್‌ಗೆ ಕಾಣುವುದು ಒಂದೇ ಥರ: ವೇಗ ಸೊನ್ನೆ.

ಇಂಥ ಹೊತ್ತಿನಲ್ಲಿ ವ್ಯವಸ್ಥೆಗಳು ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತವೆ. ಕೆಲವು, ನನ್ನ ಪಟ್ಟಿಯಲ್ಲಿ ಕಂಡಂತೆ, ಈಗಲೇ ಹೊರಡುತ್ತದೆ ಎಂದುಕೊಂಡು ಲೆಕ್ಕ ಹಾಕುತ್ತವೆ, ಆಗ ವಾಯಿದೆ ಜಾರುತ್ತದೆ. ಇನ್ನು ಕೆಲವು ವೇಳಾಪಟ್ಟಿಯ ಹೊರಡುವ ಸಮಯವನ್ನೇ ನಂಬುತ್ತವೆ. ಆ ಸಮಯ ಬರುವ ತನಕ ವಾಯಿದೆ ಗಟ್ಟಿಯಾಗಿ ನಿಂತಿರುತ್ತದೆ, ಸಮಯ ಮೀರಿದರೂ ಬಸ್ಸು ಹೊರಡದಿದ್ದರೆ ಅಲ್ಲಿಂದ ಜಾರಲು ಶುರು. ಎರಡನೆಯ ಬಗೆ ಹೆಚ್ಚು ಮೋಸದ್ದು, ಯಾಕೆಂದರೆ ಅರ್ಧ ಕಾಯುವ ತನಕ ಎಲ್ಲ ಸರಿಯಾಗಿಯೇ ಕಾಣುತ್ತದೆ.

ನಕ್ಷೆ ತೋರಿಸುವ ಆ್ಯಪ್ ಆದರೆ ಬಸ್ಸಿನ ಗುರುತು ಎಲ್ಲಿದೆ ನೋಡಿ. ಟರ್ಮಿನಲ್ ಅಂಗಳದೊಳಗೆ ಇದ್ದರೆ ಅಂಕಿಯನ್ನು ಮರೆತುಬಿಡಿ. ಅದು ಗೇಟು ದಾಟಿದ ಮೇಲೆ ಹೊಸದಾಗಿ ಎಣಿಸಲು ಶುರು ಮಾಡಿ. ಟರ್ಮಿನಲ್‌ನಿಂದ ನಿಮ್ಮ ನಿಲ್ದಾಣಕ್ಕೆ ಬೆಳಗ್ಗೆ ಎಷ್ಟು, ಸಂಜೆ ಎಷ್ಟು ನಿಮಿಷ ಎಂದು ಒಮ್ಮೆ ತಿಳಿದುಕೊಂಡರೆ ಸಾಕು, ಪರದೆಯ ಮೇಲೆ ಅದೇ ಅಂಕಿ ಅಲುಗಾಡದೆ ಕೂತಾಗ ನಕ್ಷೆ ಇಲ್ಲದೆಯೂ ಗೊತ್ತಾಗುತ್ತದೆ. ಟರ್ಮಿನಲ್‌ಗೆ ಹತ್ತಿರದ ನಿಲ್ದಾಣದವರಿಗೆ ಈ ಕಾಟ ಜಾಸ್ತಿ. ಅವರ ಪಾಲಿಗೆ ಬರುವ ಬಸ್ಸುಗಳೆಲ್ಲ ಬಹುಪಾಲು ಹೊತ್ತು "ಇನ್ನೂ ಹೊರಡದ" ಬಸ್ಸುಗಳೇ.

ಒಂದು ನಿಮಿಷವೂ ತಪ್ಪದೆ ಇಳಿದು ಮಾಯವಾದರೆ

ಈಗ ತದ್ವಿರುದ್ಧದ ಲಕ್ಷಣ. 7, 6, 5 ಎಂದು ಗಡಿಯಾರದಂತೆ ಇಳಿಯುತ್ತದೆ, 1 ಆಗುತ್ತದೆ, "ಬರುತ್ತಿದೆ" ಎಂದಾಗುತ್ತದೆ, ಆಮೇಲೆ ಸಾಲೇ ಮಾಯ. ರಸ್ತೆಯಲ್ಲಿ ಬಸ್ಸಿನ ಸುಳಿವಿಲ್ಲ. ಕೂಡಿಸಿ ನೋಡಿದರೆ ವಾಯಿದೆ ಮೊದಲಿನಿಂದ ಕೊನೆಯವರೆಗೂ ಒಂದೇ.

ನಮ್ಮ ಊರುಗಳ ರಸ್ತೆಯಲ್ಲಿ ಯಾವ ಬಸ್ಸೂ ಇಷ್ಟು ಸತ್ಯಹರಿಶ್ಚಂದ್ರನಾಗಲು ಸಾಧ್ಯವಿಲ್ಲ. ನಿಜವಾದ ಬಸ್ಸಿನ ವಾಯಿದೆ ಒಂದೆರಡು ನಿಮಿಷ ಆಚೀಚೆ ಆಗುತ್ತಲೇ ಇರುತ್ತದೆ. ಹತ್ತು ನಿಮಿಷ ನೋಡಿದರೂ ವಾಯಿದೆ ಕದಲಲಿಲ್ಲ ಎಂದರೆ ಅನುಮಾನ ಪಡಿ. ಅದು ಬಸ್ಸನ್ನು ನೋಡಿ ಹೇಳಿದ್ದಲ್ಲ, ವೇಳಾಪಟ್ಟಿ ಓದಿ ಹೇಳಿದ್ದು. ಬಸ್ಸು ಕೆಟ್ಟು ಡಿಪೋದಲ್ಲೇ ನಿಂತಿರಬಹುದು, ಸಿಬ್ಬಂದಿ ಸಾಲದೆ ಟ್ರಿಪ್ ರದ್ದಾಗಿರಬಹುದು. ರದ್ದು ಮಾಡಿದ ವಿಷಯವನ್ನು ಯಾರಾದರೂ ಕಂಪ್ಯೂಟರ್‌ನಲ್ಲಿ ದಾಖಲಿಸುವ ತನಕ ವೇಳಾಪಟ್ಟಿಗೆ ಅದು ಗೊತ್ತಿಲ್ಲ. ಖಚಿತ ಮಾಡಿಕೊಳ್ಳಲು ಆ ಸಾಲನ್ನು ಒತ್ತಿ ನೋಡಿ. ವಾಹನದ ನೋಂದಣಿ ಸಂಖ್ಯೆ ಕಾಣುತ್ತದೆಯೇ, ನಕ್ಷೆಯಲ್ಲಿ ಗುರುತು ಚಲಿಸುತ್ತಿದೆಯೇ? ಎರಡೂ ಇಲ್ಲದಿದ್ದರೆ ಆ ಹೊತ್ತಿನ ಮಟ್ಟಿಗೆ ಅದು ಭೂತದ ಬಸ್ಸು.

ಇದರ ತಿರುವುಮುರುವೂ ಇದೆ. ಆ್ಯಪ್‌ನಲ್ಲಿ ಇಲ್ಲದ ಬಸ್ಸು ನಿಮ್ಮೆದುರು ಬಂದು ನಿಲ್ಲುತ್ತದೆ. ಕೆಟ್ಟ ಬಸ್ಸಿನ ಬದಲು ಸ್ಪೇರ್ ಬಸ್ ಕಳಿಸಿರುತ್ತಾರೆ. ಅದರ ಜಿಪಿಎಸ್ ಸಾಧನವನ್ನು ಈ ಟ್ರಿಪ್‌ಗೆ ಜೋಡಿಸಿರುವುದಿಲ್ಲ. ಬಸ್ಸು ಓಡುತ್ತಿದೆ, ಸಾಧನವೂ ಕೆಲಸ ಮಾಡುತ್ತಿದೆ, ಆದರೆ "ಇದು ಇಂಥ ಮಾರ್ಗದ ಇಂಥ ಟ್ರಿಪ್" ಎಂಬ ಗಂಟು ಬಿದ್ದಿಲ್ಲ. ಆದ್ದರಿಂದ ಪರದೆಯಲ್ಲಿ ಏನೂ ಇಲ್ಲ ಎಂದ ಮಾತ್ರಕ್ಕೆ ಬಸ್ಸೇ ಇಲ್ಲ ಎಂದುಕೊಳ್ಳಬೇಡಿ. ಪರದೆಗೆ ಬೆನ್ನು ಹಾಕಿ ರಸ್ತೆಯ ಕಡೆ ಮುಖ ಮಾಡಿ ನಿಲ್ಲುವ ಅಜ್ಜಂದಿರು ಇಂಥ ಬಸ್ಸನ್ನು ತಪ್ಪಿಸಿಕೊಳ್ಳುವುದಿಲ್ಲ, ಫೋನ್ ನೋಡುವ ನಾವು ತಪ್ಪಿಸಿಕೊಳ್ಳುತ್ತೇವೆ.

ಹಸಿರು ಬಣ್ಣ ಅಂದರೆ ಬಸ್ಸು ಕಂಡಿದೆ ಅಂತಲ್ಲ

ಗೂಗಲ್ ಮ್ಯಾಪ್ಸ್ ಬಳಸುವವರು ಇದನ್ನು ಗಮನಿಸಬೇಕು. 2019ರ ಜೂನ್‌ನಲ್ಲಿ ಅವರು ಭಾರತದ ಹತ್ತು ನಗರಗಳಿಗೆ ಬಸ್ಸಿನ ಸಮಯದ ಹೊಸ ಸೌಲಭ್ಯ ತಂದರು. ಬೆಂಗಳೂರು, ಮೈಸೂರು ಎರಡೂ ಆ ಪಟ್ಟಿಯಲ್ಲಿದ್ದವು. ಬಸ್ಸು ಸಮಯಕ್ಕೆ ಸರಿಯಾಗಿದ್ದರೆ ಹಸಿರು ಅಕ್ಷರ, ತಡವಾಗಿದ್ದರೆ ಕೆಂಪು. ನೋಡಿದವರಿಗೆ ಬಸ್ಸಿನ ಬೆನ್ನು ಹತ್ತಿ ಹೇಳುತ್ತಿದ್ದಾರೆ ಎನಿಸುತ್ತದೆ. ಆದರೆ ಅದರ ಹಿಂದಿದ್ದದ್ದು ಸಾರ್ವಜನಿಕ ಬಸ್ ವೇಳಾಪಟ್ಟಿ ಮತ್ತು ಗೂಗಲ್‌ನ ದಟ್ಟಣೆ ಮಾಹಿತಿ. ರಸ್ತೆ ಜಾಮ್ ಆಗಿದೆ, ಆದ್ದರಿಂದ ಈ ಹೊತ್ತಿಗೆ ಬರಬೇಕಾದ ಬಸ್ಸು ಇಷ್ಟು ತಡವಾಗಬಹುದು ಎಂಬ ಅಂದಾಜು ಅದು.

ಈ ಅಂದಾಜು ದಂಡಕ್ಕಲ್ಲ. ಬಸ್ಸು ಹತ್ತಿದ ಮೇಲೆ ಎಷ್ಟು ಹೊತ್ತಿಗೆ ತಲುಪುತ್ತೀರಿ ಎನ್ನಲು ಚೆನ್ನಾಗಿಯೇ ಕೆಲಸಕ್ಕೆ ಬರುತ್ತದೆ. ಬಸ್ಸು ಡಿಪೋ ಬಿಟ್ಟಿದೆಯೇ ಎಂಬ ಪ್ರಶ್ನೆಗೆ ಮಾತ್ರ ಅದರಲ್ಲಿ ಉತ್ತರವಿಲ್ಲ, ರದ್ದಾದ ಟ್ರಿಪ್ ಕೂಡ ಹಸಿರಾಗಿಯೇ ಕಾಣಬಹುದು. ಬೇರೆ ಊರು, ಬೇರೆ ದೇಶಗಳಲ್ಲಿ ಸಾರಿಗೆ ಸಂಸ್ಥೆಯೇ ಬಸ್ಸಿನ ನಿಜಸ್ಥಳ ಕೊಟ್ಟಿರುವ ಕಡೆ ಇದೇ ಬಣ್ಣಗಳಿಗೆ ಬೇರೆ ತೂಕ. ಬಣ್ಣ ನೋಡಿ ಎರಡನ್ನೂ ಬಿಡಿಸಲು ಬರುವುದಿಲ್ಲ. ಹಾಗಾಗಿ ಇಲ್ಲೂ ಅದೇ ಪ್ರಶ್ನೆ: ನಕ್ಷೆಯ ಮೇಲೆ ಚಲಿಸುವ ಬಸ್ಸು ಇದೆಯೇ? ಇಲ್ಲದಿದ್ದರೆ ಸಂಸ್ಥೆಯದೇ ಆ್ಯಪ್ ತೆರೆದು ಒಮ್ಮೆ ಹೋಲಿಸಿ. ಬೆಂಗಳೂರಿನವರಿಗೆ ಅದು Namma BMTC.

ಬಸ್ಸು ಹೋಗಿಯಾಗಿದೆ, ಪರದೆ ಇನ್ನೂ "2 ನಿಮಿಷ" ಅನ್ನುತ್ತಿದೆ

ಇದು ಹಳಸಿದ ಮಾಹಿತಿಯ ಲಕ್ಷಣ. ಬಸ್ಸಿನಲ್ಲಿರುವ ಸಾಧನ ತನ್ನ ಸ್ಥಳವನ್ನು ಮೊಬೈಲ್ ನೆಟ್‌ವರ್ಕ್ ಮೂಲಕ ಸರ್ವರ್‌ಗೆ ಕಳಿಸುತ್ತದೆ, ಸರ್ವರ್ ಅದನ್ನು ಆ್ಯಪ್‌ಗೆ ಕೊಡುತ್ತದೆ. ಎಲ್ಲ ಹಂತದಲ್ಲೂ ಒಂದಿಷ್ಟು ಸೆಕೆಂಡು ಸೋರುತ್ತದೆ. ಸಾರಿಗೆ ಮಾಹಿತಿ ಹಂಚಿಕೊಳ್ಳಲು ಪ್ರಪಂಚದಾದ್ಯಂತ ಬಳಸುವ GTFS Realtime ಎಂಬ ವಿನ್ಯಾಸದ ಶಿಫಾರಸು ಏನೆಂದರೆ, ಮಾಹಿತಿಯನ್ನು ಕನಿಷ್ಠ 30 ಸೆಕೆಂಡಿಗೊಮ್ಮೆ ಹೊಸದು ಮಾಡಬೇಕು, ಬಸ್ಸಿನ ಸ್ಥಳ 90 ಸೆಕೆಂಡಿಗಿಂತ ಹಳೆಯದಾಗಿರಬಾರದು. ಈ ನಿಯಮ ಅಕ್ಷರಶಃ ಪಾಲಿಸಿದರೂ ಲೆಕ್ಕ ನೋಡಿ: ಗಂಟೆಗೆ 20 ಕಿ.ಮೀ. ವೇಗದ ಬಸ್ಸು 90 ಸೆಕೆಂಡಿನಲ್ಲಿ 500 ಮೀಟರ್ ಹೋಗಿರುತ್ತದೆ. ಅಂದರೆ ನಕ್ಷೆಯಲ್ಲಿ ಹಿಂದಿನ ನಿಲ್ದಾಣದ ಹತ್ತಿರ ಕಾಣುವ ಬಸ್ಸು ಈಗಾಗಲೇ ನಿಮ್ಮೆದುರು ಇರಬಹುದು. ಮನೆಯಿಂದ ನಿಲ್ದಾಣಕ್ಕೆ ನಡೆಯಲು ನಾಲ್ಕು ನಿಮಿಷ ಬೇಕು, ಆ್ಯಪ್ ಐದು ಅನ್ನುತ್ತಿದೆ ಎಂದು ನಿಧಾನ ಮಾಡುವವರು ಬಸ್ಸು ತಪ್ಪಿಸಿಕೊಳ್ಳುವುದು ಹೀಗೆ. ಎರಡು ನಿಮಿಷ ಕೈಯಲ್ಲಿಟ್ಟುಕೊಂಡೇ ಹೊರಡಿ.

ಕೆಲವು ಆ್ಯಪ್‌ಗಳು "ಇಷ್ಟು ಸೆಕೆಂಡ್ ಹಿಂದೆ" ಎಂದು ಕೊನೆಯ ಮಾಹಿತಿಯ ಸಮಯ ತೋರಿಸುತ್ತವೆ. ಅದಿದ್ದರೆ ನಿಮಿಷಕ್ಕಿಂತ ಮೊದಲು ಅದನ್ನೇ ನೋಡಿ. ಇಲ್ಲದಿದ್ದರೆ ಬಸ್ಸಿನ ಗುರುತನ್ನು ಒಂದು ನಿಮಿಷ ದಿಟ್ಟಿಸಿ. ಸಿಗ್ನಲ್ಲೂ ಇಲ್ಲದ, ನಿಲ್ದಾಣವೂ ಅಲ್ಲದ ಜಾಗದಲ್ಲಿ ಗುರುತು ಅಂಟಿಕೊಂಡಿದ್ದು, ಆಮೇಲೆ ಒಮ್ಮೆಲೇ ಅರ್ಧ ಕಿಲೋಮೀಟರ್ ಹಾರಿದರೆ ಆ ಬಸ್ಸಿನ ನೆಟ್‌ವರ್ಕ್ ಸರಿಯಿಲ್ಲ.

ಇದೇ ಲಕ್ಷಣಕ್ಕೆ ಇನ್ನೊಂದು ಸಣ್ಣ ಕಾರಣವೂ ಇದೆ, ನಾಚಿಕೆಯಾಗುವಂಥದ್ದು: ನೀವು ರಸ್ತೆಯ ಆಚೆ ಬದಿಯ ನಿಲ್ದಾಣ ಆರಿಸಿರುತ್ತೀರಿ. ಎರಡೂ ಬದಿಗೆ ಒಂದೇ ಹೆಸರು. ಪಟ್ಟಿಯಲ್ಲಿ "ಯಾವ ಕಡೆಗೆ" ಎಂಬುದನ್ನು ಓದಿ. ಅದಿಲ್ಲದಿದ್ದರೆ ಬಸ್ಸಿನ ಕೊನೆಯ ನಿಲ್ದಾಣ ನಿಮಗೆ ಬೇಕಾದ್ದೇ ನೋಡಿ. ಮೇಲ್ಸೇತುವೆ ಇರುವ ಕಡೆ ಇನ್ನೂ ಒಂದು ತೊಡಕು. ಜಿಪಿಎಸ್‌ಗೆ ಎತ್ತರ ಅಷ್ಟು ನಿಖರವಾಗಿ ತಿಳಿಯದು. ಬಸ್ಸು ಮೇಲಿಂದ ಹೋದರೂ ಕೆಳಗಿನ ನಿಲ್ದಾಣಕ್ಕೆ ಬಂದುಹೋಯಿತು ಎಂದೇ ದಾಖಲಾಗಬಹುದು.

ನಿಲ್ದಾಣದ ಫಲಕ

ಮೈಸೂರಿನಲ್ಲಿ 2012ರಲ್ಲೇ ನಗರ ಬಸ್ಸುಗಳಿಗೆ ಜಿಪಿಎಸ್, ನಿಲ್ದಾಣಗಳಿಗೆ ಮಾಹಿತಿ ಫಲಕ ಬಂದವು. ಆ್ಯಪ್‌ಗೂ ಫಲಕಕ್ಕೂ ಸಾಮಾನ್ಯವಾಗಿ ಅಡುಗೆಮನೆ ಒಂದೇ, ಬಡಿಸುವ ತಟ್ಟೆ ಬೇರೆ. ಹಾಗಾಗಿ ಮೇಲೆ ಹೇಳಿದ ಕೂಡುವ ಪರೀಕ್ಷೆ ಇಲ್ಲಿಯೂ ನಡೆಯುತ್ತದೆ. ಫಲಕದ್ದೇ ಆದ ಕಾಯಿಲೆ ಒಂದಿದೆ: ಹೆಪ್ಪುಗಟ್ಟುವುದು. ಸರ್ವರ್ ಜತೆಗಿನ ಸಂಪರ್ಕ ಕಡಿದಾಗ ಒಳ್ಳೆಯ ಫಲಕ ಖಾಲಿಯಾಗುತ್ತದೆ, ಕೆಟ್ಟದ್ದು ಕೊನೆಗೆ ಬಂದ ಸಾಲುಗಳನ್ನೇ ಗಂಟೆಗಟ್ಟಲೆ ತೋರಿಸುತ್ತದೆ. ಫಲಕದಲ್ಲಿ ಗಡಿಯಾರವಿದ್ದರೆ ಫೋನಿನ ಸಮಯದ ಜತೆ ಹೋಲಿಸಿ. ಗಡಿಯಾರ ಸರಿಯಿದ್ದರೂ ನಂಬಬೇಡಿ, ಅದು ಫಲಕದೊಳಗೇ ಓಡುತ್ತಿರಬಹುದು. ಬದಲಿಗೆ ಯಾವುದಾದರೂ ಒಂದು ಬಸ್ಸು ಬಂದು ಹೋದಾಗ ಅದರ ಸಾಲು ಅಳಿಯುತ್ತದೆಯೇ ನೋಡಿ. ಒಂದೆರಡು ನಿಮಿಷದಲ್ಲಿ ಅಳಿಯದಿದ್ದರೆ ಆ ಫಲಕ ಸತ್ತಿದೆ, ಅಲ್ಲಿರುವ ಉಳಿದ ಸಾಲುಗಳಿಗೂ ಬೆಲೆಯಿಲ್ಲ.

ಎಲ್ಲವೂ ಸರಿಯಿದ್ದೂ ತಪ್ಪಾಗುವ ಸಂದರ್ಭ

ಬಸ್ಸು ಹೊರಟಿದೆ, ಗುರುತು ಚಲಿಸುತ್ತಿದೆ, ಮಾಹಿತಿ ತಾಜಾ ಇದೆ. ಆದರೂ 14 ನಿಮಿಷ 25 ಆಗುತ್ತದೆ. ಕೂಡಿಸಿ ನೋಡಿದರೆ ವಾಯಿದೆ ಪೂರ್ತಿಯಾಗಿ ಜಾರುವುದಿಲ್ಲ, ನಾಲ್ಕು ನಿಮಿಷ ಕಳೆದರೆ ಎರಡು ಜಾರುತ್ತದೆ. ಇದು ನಿಜವಾದ ದಟ್ಟಣೆ. ಮುನ್ಸೂಚನೆ ಸಾಮಾನ್ಯವಾಗಿ ಹಿಂದಿನ ದಿನಗಳ ಓಟದ ಮೇಲೆ ನಿಂತಿರುತ್ತದೆ, ಇವತ್ತು ಸಂಜೆ ಐದಕ್ಕೆ ಸುರಿದ ಮಳೆ ಅದರಲ್ಲಿ ಇರುವುದಿಲ್ಲ. ಇಂಥಲ್ಲಿ ಒಂದು ಅಂದಾಜು ಹಾಕಬಹುದು: ಅರ್ಧಕ್ಕರ್ಧ ಜಾರುತ್ತಿದ್ದರೆ ಉಳಿದ ನಿಮಿಷವನ್ನು ಎರಡರಿಂದ ಗುಣಿಸಿ. 8 ನಿಮಿಷ ಅನ್ನುತ್ತಿದ್ದರೆ 16 ಎಂದಿಟ್ಟುಕೊಳ್ಳಿ. ಜಾಮ್ ಬಿಡಿಸಿಕೊಂಡರೆ ಮೊದಲೇ ಬರುತ್ತದೆ, ನಷ್ಟವಿಲ್ಲ. ಅಂಕಿ ಚಿಕ್ಕದಾದಷ್ಟೂ ನಂಬಿಕೆ ಹೆಚ್ಚು: ನಡುವೆ ದೊಡ್ಡ ಸಿಗ್ನಲ್ ಇಲ್ಲದ 3 ನಿಮಿಷ ಬಹುಮಟ್ಟಿಗೆ ಮೂರೇ, 20 ನಿಮಿಷ ಎನ್ನುವುದು "ಸದ್ಯಕ್ಕಿಲ್ಲ" ಎನ್ನುವುದರ ಇನ್ನೊಂದು ರೂಪ.

ತಡವಾದ ಬಸ್ಸಿನ ಬೆನ್ನಿಗೇ ಅದೇ ಮಾರ್ಗದ ಇನ್ನೊಂದು ಬಸ್ಸು ಅಂಟಿಕೊಂಡು ಬರುವುದು ಸಾಮಾನ್ಯ. ಪರದೆಯಲ್ಲಿ 9 ಮತ್ತು 10 ಎಂದು ಎರಡು ಸಾಲು ಕಂಡರೆ ಮುಂದಿನದು ತುಂಬಿ ತುಳುಕುತ್ತಿರುತ್ತದೆ, ಪ್ರತಿ ನಿಲ್ದಾಣದಲ್ಲೂ ಹತ್ತಿಸಿಕೊಂಡು ಇನ್ನಷ್ಟು ನಿಧಾನವಾಗುತ್ತದೆ. ಎರಡನೆಯದು ಅದನ್ನು ಹಿಂದಿಕ್ಕಿ ಬಂದರೂ ಆಶ್ಚರ್ಯವಿಲ್ಲ. ನಾನು ಎರಡೂ ಬಸ್ಸಿನ ನೋಂದಣಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿಟ್ಟುಕೊಂಡು ಹಿಂದಿನದಕ್ಕೇ ಹತ್ತುತ್ತೇನೆ. ಸೀಟು ಸಿಗುತ್ತದೆ.

ರಾತ್ರಿಯ ಕೊನೆ ಬಸ್ಸಿಗೆ ಮಾತ್ರ ನಿಯಮ ಬೇರೆ. ಅದು ಭೂತವಾಗಿದ್ದರೆ ಹಿಂದೆ ಇನ್ನೊಂದು ಬರುವುದಿಲ್ಲ. ವಾಹನ ಸಂಖ್ಯೆ ಕಾಣದಿದ್ದರೆ, ಅಥವಾ ವಾಯಿದೆ ಎರಡು ಸಲ ಒಂದಕ್ಕೊಂದು ಜಾರಿದರೆ, ಆಟೊ ಸಿಗುವ ಹೊತ್ತಿನಲ್ಲೇ ಹೊರಟುಬಿಡುತ್ತೇನೆ. ಮತ್ತೆ ಮತ್ತೆ ಹಾಗಾದರೆ ದೂರು ಕೊಡಿ, "ಆ್ಯಪ್ ಸರಿಯಿಲ್ಲ" ಎಂದಲ್ಲ. ನಿಲ್ದಾಣದ ಹೆಸರು, ಯಾವ ಕಡೆಗೆ, ಮಾರ್ಗ ಸಂಖ್ಯೆ, ದಿನಾಂಕ, ಎಷ್ಟು ಗಂಟೆಗೆ ಎಷ್ಟು ನಿಮಿಷ ತೋರಿಸಿತು, ವಾಹನ ಸಂಖ್ಯೆ ಇತ್ತೇ, ಬಸ್ಸು ಕೊನೆಗೆ ಬಂತೇ ಎಂದು ನಾಲ್ಕು ಸಾಲು ಬರೆದು, ಮೂರು ನಿಮಿಷದ ಅಂತರದಲ್ಲಿ ತೆಗೆದ ಎರಡು ಸ್ಕ್ರೀನ್‌ಶಾಟ್ ಅಂಟಿಸಿ. ಗಡಿಯಾರ ಎರಡರಲ್ಲೂ ಕಾಣುವಂತಿರಲಿ.